ಹಿಂದೆ ಕುಳಿತವರಿಗೆ ವಂದನೆ

ವಂದನಾರ್ಪಣೆ ಎಂದು ಮೈಕಿನಲ್ಲಿ ಹೇಳಿದ ಕೂಡಲೇ ಸಭಾಂಗಣದಲ್ಲಿ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಹಿಂದಿನ ಸಾಲಿನವರು ಬ್ಯಾಗು ಹೆಗಲಿಗೇರಿಸುತ್ತಾರೆ. ಹೊರಗಿನಿಂದ ಚಹಾದ ವಾಸನೆ ಬರುತ್ತಿರುತ್ತದೆ. ವೇದಿಕೆಯ ಮೇಲೆ ಯಾರೋ ಒಬ್ಬರು ಹೆಸರುಗಳನ್ನು ಓದುತ್ತಿರುತ್ತಾರೆ, ತಮ್ಮ ಹೆಸರು ಬರುವವರು ಮಾತ್ರ ಕೇಳುತ್ತಿರುತ್ತಾರೆ. ಈ ವರ್ಷ ವಿದ್ಯಾರ್ಥಿಗಳ ಸಂಗೀತ ಕಾರ್ಯಕ್ರಮದಲ್ಲಿ ಆ ಕೆಲಸವನ್ನು ನಮ್ಮ ಸಂಗೀತ ಸರ್ ಅವರಿಗೆ ವಹಿಸಿದ್ದರು. ಅವರು ನಿವೃತ್ತರಾಗಿದ್ದರೂ ಕಾರ್ಯಕ್ರಮಕ್ಕೆ ಹದಿನೈದು ದಿನ ಮೊದಲಿನಿಂದ ಬಂದು ನಮಗೆ ಕಲಿಸಿದ್ದರು.

ನಾನು ಆಗ ವೇದಿಕೆಯ ಮೇಲೆಯೇ ಇದ್ದೆ, ತಂಬೂರಿ ಹಿಡಿದು. ಹಾಡಲು ನನ್ನ ಹೆಸರೂ ಕೊಟ್ಟಿದ್ದೆ. ಆಯ್ಕೆಯಾದದ್ದು ನನ್ನ ಗೆಳತಿಯರು, ನನಗೆ ಸಿಕ್ಕಿದ್ದು ಅವರ ಹಿಂದಿನ ಜಾಗ. ಮನೆಯಲ್ಲಿ ಅಮ್ಮಿ "ಯಾವ ಹಾಡು ಹೇಳ್ತೀ?" ಎಂದು ಕೇಳಿದಾಗ ನಾನು ಉತ್ತರ ಕೊಡದೆ ಅಡುಗೆಮನೆಗೆ ಹೋಗಿದ್ದೆ.

ಸರ್ ಪ್ರಾಂಶುಪಾಲರು, ಆಡಳಿತ ಮಂಡಳಿ, ಅತಿಥಿಗಳು ಎಲ್ಲರಿಗೂ ಗೌರವದಿಂದ ವಂದನೆ ಹೇಳಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಇನ್ನ ಚೀಟಿಯೊಳಗ ಇಲ್ಲದವರ ಕಡೆ ಬರೋಣ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ನಾ ಮಾತಾಡೂತನಕ ನುಡಸ್ತಾ ಇರು," ಎಂದರು. ನಾನು ಮತ್ತೆ ನುಡಿಸತೊಡಗಿದೆ. ಅವರು ಒಂದು ನಿಮಿಷ ಬೇರೆ ಏನೋ ಮಾತಾಡಿ, ಒಮ್ಮೆಲೇ ಕೈ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದರು. ನಾನು ತಂತಿಗಳ ಮೇಲೆ ಅಂಗೈ ಇಟ್ಟೆ.

ಸಭಾಂಗಣದಿಂದ ಏನನ್ನೋ ಎತ್ತಿಕೊಂಡು ಹೋದಂತಾಯಿತು. ಬ್ಯಾಗು ಹೆಗಲಿಗೇರಿಸಿದ್ದವರೂ ವೇದಿಕೆಯ ಕಡೆ ನೋಡಿದರು. "ಈಗ ಹೋತಲ್ಲ, ಅದು ಎರಡು ತಾಸಿನಿಂದ ಇಲ್ಲೇ ಇತ್ತು. ನೀವು ಕೇಳಲಿಲ್ಲ, ಹಾಡಿದವರು ಕೇಳಿದರು," ಎಂದರು ಸರ್.

ನಂತರ ಅವರು ವಂದನೆ ಹೇಳಿದ್ದು ನಿರೂಪಣೆ ಮಾಡಿದ ಹುಡುಗನಿಗೆ. ಅವನಿಗೇ ಆಶ್ಚರ್ಯ. ನಡೆದದ್ದು ಇಷ್ಟು. ನಮ್ಮ ಮೊದಲ ಗಾಯಕಿ ಹಾಡಿದ್ದು ಭೂಪ, ಎರಡನೆಯವಳು ಮಾಲಕಂಸ. ಇಬ್ಬರ ಷಡ್ಜವೂ ಹಾರ್ಮೋನಿಯಂನ ಕಪ್ಪು ನಾಲ್ಕು. ಆದರೆ ಮಾಲಕಂಸದಲ್ಲಿ ಪಂಚಮ ಸ್ವರವೇ ಇಲ್ಲ. ತಂಬೂರಿಯ ನಾಲ್ಕು ತಂತಿಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಪಂಚಮದಲ್ಲಿರುತ್ತದೆ, ನಡುವಿನ ಎರಡು ಷಡ್ಜ, ಕೊನೆಯದು ಕೆಳಗಿನ ಷಡ್ಜ, ಅಂದರೆ ಖರಜ. ಈಗ ಆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು. ಒಂದು ತಂತಿ ಸಡಿಲವಾದರೆ ತಂಬೂರಿಯ ಕಟ್ಟಿಗೆಯ ಮೇಲಿನ ಎಳೆತ ಕಡಿಮೆಯಾಗಿ ಉಳಿದ ಮೂರೂ ಕೂದಲೆಳೆಯಷ್ಟು ಏರುತ್ತವೆ. ಹಾಗಾಗಿ ಒಂದನ್ನು ಬದಲಿಸಲು ಹೋದರೆ ನಾಲ್ಕನ್ನೂ ಮತ್ತೆ ನೋಡಬೇಕು.

ಮೊದಲು ನಡುವಿನ ಜೋಡಿ. ಅವೆರಡು ಒಂದೇ ಸ್ವರದಲ್ಲಿ ಇಲ್ಲದಿದ್ದರೆ ನಾದ ವ್ಹಾ-ವ್ಹಾ ಎಂದು ತೂಗಾಡುತ್ತದೆ. ವಿಜ್ಞಾನ ವಿಭಾಗದವರು ಇದನ್ನು ಭೌತಶಾಸ್ತ್ರದಲ್ಲಿ ಬೀಟ್ಸ್ ಎಂದು ಓದಿದ್ದೇವೆ. ಒಂದು ತಂತಿ ಸೆಕೆಂಡಿಗೆ 208 ಸಲ, ಇನ್ನೊಂದು 206 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ತೂಗಾಟ. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಅಂಕ ಸಿಗುತ್ತದೆ, ವೇದಿಕೆಯ ಮೇಲೆ ಅದನ್ನು ಸೊನ್ನೆಗೆ ತರಬೇಕು. ಮೇಲಿನ ಬಿರಡೆ ತಿರುಗಿಸಿದರೆ ಸ್ವರ ದೊಡ್ಡ ಹೆಜ್ಜೆ ಹಾಕುತ್ತದೆ. ಆದ್ದರಿಂದ ಕೊನೆಯ ಹಂತದಲ್ಲಿ ಬಿರಡೆ ಮುಟ್ಟದೆ, ಕೆಳಗೆ ಬುರುಡೆಯ ಹತ್ತಿರ ತಂತಿಯಲ್ಲಿ ಪೋಣಿಸಿದ ಮಣಿಯನ್ನು ಸರಿಸಬೇಕು. ತೂಗಾಟ ನಿಧಾನವಾಗುತ್ತಾ ಬಂದು ಕೊನೆಗೆ ನಿಲ್ಲುತ್ತದೆ. ಎರಡು ತಂತಿ ಒಂದಾದದ್ದು ಹಾಗೆ ಗೊತ್ತಾಗುತ್ತದೆ.

ಇದಕ್ಕೆಲ್ಲ ನನಗೆ ಮೂರು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಆ ಹೊತ್ತಿಗೆಲ್ಲ ನಿರೂಪಕ ಎರಡು ಚುಟುಕು, ಒಂದು ಹಳೆಯ ಜೋಕು ಹೇಳಿ ಸಭೆಯನ್ನು ಹಿಡಿದಿಟ್ಟಿದ್ದ. "ಆ ಜೋಕು ನಾ ಸಾಲಿ ಕಲಿಯೂ ಮುಂದೂ ಕೇಳಿದ್ದೆ. ಆದ್ರ ಇವತ್ತ ಅದರ ಉಪಕಾರ ಆತು," ಎಂದರು ಸರ್. ಎಲ್ಲರೂ ನಕ್ಕರು, ಅವನು ಎಲ್ಲರಿಗಿಂತ ಜೋರಾಗಿ. ಮಧ್ಯಾಹ್ನವೇ ತಂಬೂರಿಯನ್ನು ವೇದಿಕೆಗೆ ತಂದಿಟ್ಟು, ದೀಪಗಳನ್ನೂ ಹಚ್ಚಿಟ್ಟ ನಮ್ಮ ಸಿಪಾಯಿ ಚಾಚಾ ಅವರಿಗೂ ವಂದನೆ ಸಂದಿತು. ಆ ದೀಪಗಳ ಬಿಸಿಗೆ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಇಳಿಯುವುದೆಲ್ಲ ಮೊದಲೇ ಇಳಿದುಬಿಟ್ಟರೆ ಹಾಡುವಾಗ ತೊಂದರೆ ಕಡಿಮೆ.

ಕೊನೆಗೆ ಅವರು ನನ್ನ ಪಕ್ಕ ಬಂದು ಕುಳಿತರು. ಮೈಕನ್ನು ಬುರುಡೆಯ ಹತ್ತಿರ ಹಿಡಿಸಿ, ಖರಜದ ತಂತಿಯ ಕೆಳಗಿದ್ದ ದಾರವನ್ನು ಎಳೆದು ತೆಗೆದರು. ತಂತಿಗಳು ಹಾಯ್ದುಹೋಗುವ ಕುದುರೆಯ ಮೇಲೆ, ಒಂದೊಂದು ತಂತಿಗೂ ಒಂದೊಂದು ಹತ್ತಿಯ ದಾರದ ತುಂಡು ಇರುತ್ತದೆ. ದಾರ ತೆಗೆದ ಮೇಲೆ ಮೀಟಿದರೆ ತಂತಿ ಮಂಕಾಗಿ ನುಡಿದು ಬೇಗ ಸುಮ್ಮನಾಯಿತು. ಅವರು ದಾರವನ್ನು ಮತ್ತೆ ತೂರಿಸಿ, ಅಕ್ಕಿ ಕಾಳಿನ ಅರ್ಧದಷ್ಟು ಹಿಂದೆ ಮುಂದೆ ಸರಿಸುತ್ತಾ ಮೀಟಿದರು. ಒಂದು ಕಡೆ ಬಂದಾಗ ಅದೇ ತಂತಿ ಜೇನುಗೂಡಿನ ಹಾಗೆ ಝೇಂಕರಿಸಿತು. "ಇದಕ್ಕ ಜವಾರಿ ಅಂತಾರ," ಎಂದರು. ಹಿಂದಿನ ಸಾಲಿನಿಂದ ಯಾರೋ "ಕೋಳೀನೂ ಜವಾರಿ ಇರ್ತದಲ್ರೀ ಸರ್" ಎಂದರು. "ಅದರ ರುಚಿ ಬ್ಯಾರೆ, ಇದರ ರುಚಿ ಬ್ಯಾರೆ," ಎಂದರು ಸರ್.

ಕುದುರೆಯ ಮೈ ಮೇಲ್ನೋಟಕ್ಕೆ ಸಪಾಟಾಗಿ ಕಂಡರೂ ಬಹಳ ಸಣ್ಣ ಇಳಿಜಾರು ಇರುತ್ತದೆ. ಕಂಪಿಸುವ ತಂತಿ ಆ ಇಳಿಜಾರನ್ನು ಮುಟ್ಟಿ ಬಿಡುವುದರಿಂದ ಆ ಝೇಂಕಾರ. ಎಲ್ಲಿ ಮುಟ್ಟಬೇಕು ಎಂಬುದನ್ನು ದಾರ ನಿರ್ಧರಿಸುತ್ತದೆ. ಆದರೆ ವರ್ಷಗಟ್ಟಲೆ ನುಡಿಸಿದಾಗ ತಂತಿ ಕುದುರೆಯಲ್ಲಿ ಗೀರು ಕೊರೆಯುತ್ತದೆ. ಆಮೇಲೆ ದಾರವನ್ನು ಎಲ್ಲಿಗೆ ಸರಿಸಿದರೂ ಝೇಂಕಾರದ ಬದಲು ಒಡಕು ಸದ್ದು. ಆಗ ಕುದುರೆಯನ್ನೇ ಅರದಿಂದ ಉಜ್ಜಿ ಹೊಸದಾಗಿ ಜವಾರಿ ತೆಗೆಯಬೇಕು. ನಮ್ಮ ಕಾಲೇಜಿನ ತಂಬೂರಿಗೆ ಈ ಕೆಲಸ ಮಾಡಿದವರು ಮಿರಜದ ಒಬ್ಬ ಕುಶಲಕರ್ಮಿ. ಸರ್ ಅವರಿಗೂ, ಅವರ ಊರಿಗೂ ವಂದನೆ ಹೇಳಿದರು.

ಮಿರಜದ ಶಿಕಲಗಾರ ಮನೆತನಗಳು ಹಿಂದೆ ಕತ್ತಿ ಸಾಣೆ ಹಿಡಿಯುತ್ತಿದ್ದವು. ಆ ಕೆಲಸ ನಿಂತಾಗ 19ನೇ ಶತಮಾನದಲ್ಲಿ ಸಿತಾರ, ತಂಬೂರಿ ಮಾಡುವುದಕ್ಕೆ ತೊಡಗಿದವು. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಆ ಊರಿನಲ್ಲೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. "ಇವರೆಲ್ಲರ ಹಿಂದ ಯಾರೋ ಒಬ್ಬರು ತಂಬೂರಿ ಹಿಡಕೊಂಡು ಕುಂತಿದ್ರು. ಫೋಟೋದಾಗ ಅವರ ಅರ್ಧ ಮುಖ ಇರ್ತದ," ಎಂದರು ಸರ್. ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ, ದುಪಟ್ಟಾ ಸರಿಮಾಡಿಕೊಳ್ಳುವ ನೆಪದಲ್ಲಿ.

ಕೊನೆಯ ವಂದನೆ ಪ್ರಾಂಶುಪಾಲರಿಗೆ, ಎರಡನೆಯ ಸಲ. ತಂಬೂರಿಯ ಬದಲು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ತರಿಸಿದರೆ ಸಾಲದೇ ಎಂಬ ಪ್ರಶ್ನೆ ಸ್ಟಾಫ್ ರೂಮಿನಲ್ಲಿ ಬಂದಿತ್ತಂತೆ. ಪೆಟ್ಟಿಗೆಯನ್ನು ಶ್ರುತಿ ಮಾಡುವ ಕೆಲಸವಿಲ್ಲ, ಅದು ನಿಜವಾದ ಅನುಕೂಲ ಎಂದು ಸರ್ ಒಪ್ಪಿಕೊಂಡರು. "ಆದ್ರ ಆ ಕೆಲಸ ಇಲ್ಲ ಅಂದಮ್ಯಾಲೆ ಕಿವಿ ತಯಾರಾಗೂದು ಯಾವಾಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲ್ಲರಿಗೂ ಕೈ ಮುಗಿದು ಕೆಳಗಿಳಿದರು.

ಚಹಾ ಕುಡಿಯುವಾಗ ಅವರು ನನಗೆ ಕುದುರೆಯ ಮೇಲೆ ಉಗುರು ಆಡಿಸಿ ನೋಡಲು ಹೇಳಿದರು. ಪಂಚಮದ ತಂತಿಯ ಕೆಳಗೆ ಗೀರು ಸಿಗತೊಡಗಿದೆ, ಉಳಿದ ಮೂರರಲ್ಲಿ ಇನ್ನೂ ಇಲ್ಲ. ಈ ರಜೆಯಲ್ಲಿ ತಂಬೂರಿಯನ್ನು ಮಿರಜಕ್ಕೆ ಒಯ್ಯಬೇಕು. ಜೊತೆಗೆ ಬರುವುದಾಗಿ ಪ್ರಥಮ ಪಿಯುಸಿಯ ಇಬ್ಬರು ಹೆಸರು ಕೊಟ್ಟಿದ್ದಾರೆ, ನನ್ನ ಹೆಸರು ಅದರಲ್ಲಿ ಮೊದಲನೆಯದು. ಬುರುಡೆಗೆ ಸುತ್ತಲು ಎರಡು ದಪ್ಪ ರಜಾಯಿ ಬೇಕು, ಯಾರ ಮನೆಯಲ್ಲಾದರೂ ಹಳೆಯದಿದ್ದರೆ ತಿಳಿಸಿ.