ವಿಚಾರ ಮಾಡಿ ಹೇಳ್ತೇನ್ರಿ

ತಾಲ್ಲೂಕು ಮಟ್ಟದಲ್ಲಿ ವರದಿಗಾರಿಕೆ ಮಾಡುವ ನಮ್ಮಂಥವರಿಗೆ ಸುದ್ದಿ ಕಳಿಸಿದರಷ್ಟೇ ಸಾಲದು, ಜಾಹೀರಾತೂ ತರಬೇಕು. ಡಿಪ್ಲೊಮಾದಲ್ಲಿ ಇದನ್ನು ಯಾರೂ ಕಲಿಸಲಿಲ್ಲ. ರಾಜ್ಯೋತ್ಸವ, ದೀಪಾವಳಿ, ಕನಕ ಜಯಂತಿ ಬಂದರೆ ವಿಶೇಷ ಪುರವಣಿ. ಪುರವಣಿ ಎಂದರೆ ನಮಗೆ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಪೇಟೆಗಳಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿಯುವುದು. ಅಲ್ಲಿ 'ಇಲ್ಲ' ಎಂಬ ಉತ್ತರ ಅಪರೂಪ. ಸಿಗುವುದು 'ನೋಡೂಣ್ರಿ', 'ವಿಚಾರ ಮಾಡಿ ಹೇಳ್ತೇನ್ರಿ', 'ಹಬ್ಬ ಹತ್ರ ಬರ್ಲಿ ತಡೀರಿ'.

ಈ ಮಾತುಗಳನ್ನೇ ಹಿಂಡಿದರೆ ಅರ್ಥ ಹೊರಡುವುದಿಲ್ಲ. ಅದರ ಜೊತೆಗೆ ಏನು ಬಂತು ಎಂದು ನೋಡಬೇಕು. ದರ ಕೇಳಿದರು ಎಂದು ಹಿಗ್ಗುವಂತಿಲ್ಲ, ದರವನ್ನು ಸುಮ್ಮನೆ ಕೇಳುವವರೇ ಹೆಚ್ಚು. ಆದರೆ 'ಅರ್ಧ ಮಾಡಿದ್ರ ಎಷ್ಟಾಕ್ಕೈತಿ?', 'ನಮ್ಮಪ್ಪಾರ ಫೋಟೋ ಹಿಡಿಸ್ತೈತೇನು?' ಎಂದವರು ಆಗಲೇ ಮನಸ್ಸಿನಲ್ಲಿ ಜಾಹೀರಾತನ್ನು ಹಾಕಿ ನೋಡಿದ್ದಾರೆ. ದಿನ ಹೇಳಿದರೂ ಹಾಗೆಯೇ. 'ಸಂತಿ ಮುಗಿದ ಮ್ಯಾಲ ಬರ್ರಿ' ಎಂದರೆ ಹೋಗಬೇಕು. ಬರೀ 'ಆಮ್ಯಾಲ ಬರ್ರಿ' ಎಂದರೆ ಅದರಲ್ಲಿ ದಿನವೂ ಇಲ್ಲ, ಮನಸ್ಸೂ ಇಲ್ಲ. ಶಿಗ್ಗಾಂವದ ಹೆದ್ದಾರಿ ಪಕ್ಕದ ಹೋಟೆಲುಗಳಲ್ಲಿ 'ನೋಡೂಣ್ರಿ' ಎನ್ನುವವರು ಎಷ್ಟೋ ಸಲ ಗಲ್ಲೆಯಲ್ಲಿ ಕೂತ ಮ್ಯಾನೇಜರು. ಮಾಲಕರು ಹುಬ್ಬಳ್ಳಿಯಲ್ಲಿರುತ್ತಾರೆ. ಅಲ್ಲಿ ಮಾತು ಬೆಳೆಸುವುದಕ್ಕಿಂತ ಮಾಲಕರ ಫೋನ್ ನಂಬರ್ ಕೇಳುವುದೇ ಲೇಸು.

ಕಷ್ಟವಿರುವುದು ಪ್ರಶ್ನೆಯೂ ಕೇಳದ, ದಿನವೂ ಹೇಳದ, ಬೇಡವೆಂದೂ ಅನ್ನದ ಜನರಲ್ಲಿ. ಹಿರೇಕೆರೂರಿನ ಒಬ್ಬ ಬೀಜ-ಗೊಬ್ಬರದ ಅಂಗಡಿಯವರ ಹತ್ತಿರ ಒಮ್ಮೆ ದೀಪಾವಳಿ ಪುರವಣಿಗೆ ಹೋಗಿದ್ದೆವು. ಎರಡು ಕಾಲಂ ಅಗಲ, ಹತ್ತು ಸೆಂಟಿಮೀಟರ್ ಎತ್ತರ, ಅಂದರೆ 20 ಕಾಲಂ ಸೆಂಟಿಮೀಟರ್. ಸೆಂಟಿಮೀಟರಿಗೆ 100 ರೂಪಾಯಿಯಂತೆ 2,000, ಜಿಎಸ್‌ಟಿ ಶೇ 5 ಸೇರಿ 2,100. ಕೇಳಿ, ಚಹಾ ತರಿಸಿ, 'ವಿಚಾರ ಮಾಡಿ ಹೇಳ್ತೇನ್ರಿ' ಎಂದರು.

'ಯಾಕ್ರಿ?' ಎಂದು ಕೇಳಿದರೆ ಇಂಥವರು ಒಂದು ಸಬೂಬು ಹುಡುಕುತ್ತಾರೆ, ನಿಜ ಹೊರಬರುವುದಿಲ್ಲ. ಅದಕ್ಕೆ ನಾವು ಅಡಚಣೆಯನ್ನು ಊಹಿಸಿ, ಒಂದೊಂದಾಗಿ ತೆಗೆದು ನೋಡುತ್ತೇವೆ. ಮೊದಲ ಗುಮಾನಿ ರೊಕ್ಕದ್ದು. ಮುಂಗಾರಿನಲ್ಲಿ ಉದ್ರಿ ಕೊಟ್ಟ ಬೀಜ-ಗೊಬ್ಬರದ ಹಣ ಗೋವಿನಜೋಳ ಮಾರಾಟವಾದ ಮೇಲೆ ಬರಬೇಕು. ದೀಪಾವಳಿಗೆ ಜೋಳ ಇನ್ನೂ ಕಣದಲ್ಲಿ ಒಣಗುತ್ತಿರುತ್ತದೆ. 'ಬಿಲ್ ಜ್ವಾಳ ಮಾರಿದ ಮ್ಯಾಲ ಕೊಡ್ರಿ, ನಡೀತೈತಿ' ಎಂದೆವು. ಅಡಚಣೆ ರೊಕ್ಕದ್ದೇ ಆಗಿದ್ದರೆ 'ಎಷ್ಟ್ ದಿನ ತಡೀತೀರಿ?' ಎನ್ನಬೇಕಿತ್ತು. 'ಅದೆಲ್ಲಾ ಇರ್ಲಿ, ನೋಡೂಣ್ರಿ' ಎಂದರು. ರೊಕ್ಕವಲ್ಲ. ಅಳತೆ ಅರ್ಧ ಮಾಡೋಣ ಎಂದೆವು, ಅದೇ ಉತ್ತರ. ಅಣ್ಣನವರನ್ನು ಕೇಳಬೇಕೇನು ಎಂದರೆ 'ಮನ್ಯಾಗ ನಾನ ದೊಡ್ಡಾಂವ' ಎಂದು ನಕ್ಕರು.

ಉಳಿದದ್ದು ಒಂದೇ. 'ಅಂಗಡಿ ಹೆಸರ ಬ್ಯಾಡ್ರಿ. ನಿಮಗ ಬೀಜ ಕೊಡೋ ಕಂಪನಿ ಹೆಸರಿನ್ಯಾಗ ಹಾಕೂಣೇನು?' ಆಗ ಮೇಜಿನ ಖಾನೆ ಎಳೆದು ವರದಿಗಾರರ ವಿಸಿಟಿಂಗ್ ಕಾರ್ಡುಗಳ ಕಟ್ಟು ತೋರಿಸಿದರು. 'ನಿಮಗ ಕೊಡೂದು ದೊಡ್ಡ ಮಾತಲ್ರಿ. ನಾಳಿ ಪೇಪರಿನ್ಯಾಗ ನನ್ನ ಹೆಸರ ನೋಡಿ ಇವರೆಲ್ಲಾ ಬರ್ತಾರ.' ಅಷ್ಟು ಹೊತ್ತು 2,100 ರೂಪಾಯಿಯ ಲೆಕ್ಕ ನಡೆಯುತ್ತಿತ್ತು ಎಂದರೆ, ಅವರ ತಲೆಯಲ್ಲಿದ್ದದ್ದು ಅದರ ಎಂಟು ಪಟ್ಟು. ಕಂಪನಿಯ ಏರಿಯಾ ಆಫೀಸರ್ ನಂಬರನ್ನು ಅವರೇ ಬರೆದುಕೊಟ್ಟರು.

ಸಣ್ಣ ಊರುಗಳಲ್ಲಿ ಬಾಯಿಗೆ ಬಾರದ ಆಕ್ಷೇಪ ಬಹುತೇಕ ಇದೇ. ಆದರೆ ಇನ್ನೂ ಒಂದಿದೆ, ಅದು ನಮ್ಮ ಕುರಿತೇ ಇರುವುದು. ಕಳಪೆ ಬೀಜದ ಸುದ್ದಿ, ಯೂರಿಯಾ ಸಾಲಿನ ಸುದ್ದಿ ಬರೆಯುವವರೂ ನಾವೇ. ನಮಗೆ 'ಇಲ್ಲ' ಎನ್ನಲು ಅಂಗಡಿಯವರಿಗೆ ಧೈರ್ಯ ಸಾಲದೆ 'ವಿಚಾರ ಮಾಡ್ತೇನ್ರಿ' ಎನ್ನುತ್ತಿರಬಹುದು. ಸೋಪು ಮಾರುವ ಹುಡುಗ ನಾಲ್ಕನೇ ಸಲ ಹೋದರೆ ಅದು ಹಟ. ನಾವು ಹೋದರೆ ಬೆದರಿಕೆ. ಆದ್ದರಿಂದ ಎರಡನೇ ಭೇಟಿಯಲ್ಲೂ ಹೊಸ ಪ್ರಶ್ನೆ, ದಿನ ಏನೂ ಸಿಗದಿದ್ದರೆ ನಾವೇ 'ಈ ಸಲ ಬ್ಯಾಡ ಬಿಡ್ರಿ, ಸುದ್ದಿಗೂ ಇದಕ್ಕೂ ಸಂಬಂಧಿಲ್ಲ' ಎಂದು ಹೇಳಿ ಏಳುತ್ತೇವೆ. ಯಾರದಾದರೂ ಅಂಗಡಿಯ ಮೇಲೆ ದೂರು ನಮ್ಮ ಕೈಯಲ್ಲಿದ್ದರೆ ಆ ಹಬ್ಬಕ್ಕೆ ಆ ಮೆಟ್ಟಿಲನ್ನೇ ಹತ್ತುವುದಿಲ್ಲ.

ಹಾಗೆ ಎದ್ದಾಗ ಹೆಚ್ಚಿನವರ ಮುಖ ಹಗುರಾಗುತ್ತದೆ, ನಮಸ್ಕಾರ ಮಾಡುತ್ತಾರೆ. ಕೆಲವರು ಮಾತ್ರ ಮೆಟ್ಟಿಲಿನ ತನಕ ಬಂದು, 'ತಡೀರಿ, ಫೋಟೋ ಯಾವಾಗಿನ ತನಕ ಕೊಡಬೇಕು?' ಎಂದು ಕೇಳುತ್ತಾರೆ.