ಹತ್ತೊಂಬತ್ತು ಅಂಕದ ಲೆಕ್ಕ

ಸುಮಾರು ದಿನವಾಯ್ತು ಇಲ್ಲಿ ಏನೂ ಬರೆಯದೆ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ನಮ್ಮ ಕಡೆ ಮೇಷ್ಟ್ರುಗಳಿಗೂ ಒಂದು ರಾಶಿ ಇರುತ್ತೆ, ಆಂತರಿಕ ಅಂಕಗಳ ರಾಶಿ. ವಾಡಿಯಿಂದ ರೈಲು ಹತ್ತಿ ಚಿತ್ತಾಪುರ ದಾಟಿ ಸೇಡಂ ಸೇರುವಷ್ಟರಲ್ಲಿ ಬೋಗಿಯಲ್ಲೇ ಎಷ್ಟೋ ಪಟ್ಟಿ ತುಂಬಿದ್ದೇನೆ :)

ಗೊತ್ತಿಲ್ಲದವರಿಗೆ ಲೆಕ್ಕ ಹೇಳ್ತೀನಿ. ಎಸ್ಸೆಸ್ಸೆಲ್ಸಿ ಗಣಿತದ 100 ಅಂಕದಲ್ಲಿ 80 ಮಾತ್ರ ಕೊನೆಯ ಪರೀಕ್ಷೆಗೆ. ಉಳಿದ 20 ಶಾಲೆಯ ಕೈಯಲ್ಲಿ. ನಾವು ಮಾಡಿಕೊಂಡು ಬಂದ ಕ್ರಮದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ. ಒಂದೊಂದಕ್ಕೂ 50: ಎರಡು ಚಟುವಟಿಕೆಗೆ 15ರಂತೆ 30, ಕಿರುಪರೀಕ್ಷೆಗೆ 20. ಒಟ್ಟು 200ನ್ನು 20ಕ್ಕೆ ಇಳಿಸಿದರೆ ಮುಗೀತು.

ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತೆ, ಅದನ್ನು ಮೊದಲು ಹೇಳಿಬಿಡ್ತೀನಿ. ಒಂದು ಜುಲೈನಲ್ಲಿ ಸಮಾಂತರ ಶ್ರೇಢಿ ಪಾಠ. 10, 7, 4... ಇದರ 20ನೇ ಪದ ಎಷ್ಟು ಅಂತ ಕೇಳಿದ್ದೆ. ಹಿಂದಿನ ಬೆಂಚಿನ ಹುಡುಗ 67 ಅಂತ ಬರೆದಿದ್ದ. ಸರಿಯುತ್ತರ -47. ಹುಡುಗನಿಗೆ ಸೂತ್ರ ಗೊತ್ತಿತ್ತು. ದೊಡ್ಡದರಿಂದ ಚಿಕ್ಕದನ್ನು ಕಳೆಯೋದು ಅಂತ ಪ್ರೈಮರಿಯಲ್ಲಿ ಕಲಿತದ್ದು ತಲೆಯಲ್ಲಿ ಕೂತಿತ್ತು, ಹಾಗಾಗಿ ವ್ಯತ್ಯಾಸವನ್ನು -3 ಬದಲು 3 ಅಂತ ಹಿಡಿದಿದ್ದ. ಇದನ್ನು ಮಾರ್ಚ್‌ನ ಉತ್ತರಪತ್ರಿಕೆ ನೋಡುವ ಬೇರೆ ಊರಿನ ಮೌಲ್ಯಮಾಪಕರು ಕಂಡರೂ ಏನು ಪ್ರಯೋಜನ? ಜುಲೈನಲ್ಲಿ ಸಿಕ್ಕಿದ್ದಕ್ಕೇ ಋಣ ಸಂಖ್ಯೆಗೆ ಒಂದು ವಾರ ಕೊಟ್ಟೆ. ಅವನ ನಾಲ್ಕು ಅಂಕಗಳು ಹೀಗಾದವು: 12, 20, 31, 40.

ಈಗ ಕೂಡಿಸಿ ನೋಡಿ. 103. ಅಂದರೆ 20ಕ್ಕೆ 10. ವರ್ಷದ ಕೊನೆಗೆ 50ಕ್ಕೆ 40 ತೆಗೆಯುವಷ್ಟು ಕಲಿತವನಿಗೆ ಜುಲೈನ ಅಜ್ಞಾನಕ್ಕೆ ದಂಡ! ತಪ್ಪು ಹುಡುಕಿ ತಿದ್ದೋದಕ್ಕೆ ಅಂತ ಮಾಡಿದ ಪರೀಕ್ಷೆಯ ಅಂಕವನ್ನು ಫಲಿತಾಂಶಕ್ಕೆ ಸೇರಿಸಿದ ಕ್ಷಣವೇ ಅದು ನಾಲ್ಕು ಸಣ್ಣ ವಾರ್ಷಿಕ ಪರೀಕ್ಷೆ ಆಗಿಬಿಡುತ್ತೆ. ಆಮೇಲೆ ಮಕ್ಕಳು ತಪ್ಪು ತೋರಿಸೋದಿಲ್ಲ, ಪಕ್ಕದವನದ್ದು ನೋಡಿ ಬರೀತಾರೆ.

ಇನ್ನೊಂದು ಕಷ್ಟ ನಮ್ಮ ಕಡೆಯದ್ದೇ. ಚಿಂಚೋಳಿ ಕಡೆಯ ತಾಂಡಾದಿಂದ ಬಂದು ಹಾಸ್ಟೆಲ್‌ನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಮನೆಯವರ ಜೊತೆ ದುಡಿಯಲು ಮುಂಬೈಗೆ ಹೋದಳು. ಮೊದಲೆರಡರಲ್ಲಿ 41, 38. ಮೂರನೆಯದಕ್ಕೆ ಇಲ್ಲ. ವಾಪಸ್ ಬಂದು ನಾಲ್ಕನೆಯದರಲ್ಲಿ 20. ಪ್ರಾಮಾಣಿಕವಾಗಿ ಹಾಕಿದರೆ 99, ಅಂದರೆ 10ಕ್ಕೂ ಒಂದು ಕೂದಲೆಳೆ ಕಮ್ಮಿ. "ಸರ್, ನಾ ಇದ್ದಿದ್ದಿಲ್ಲಲ್ರಿ, ನಂಗ ಸೊನ್ನಿ ಹಾಕ್ತೀರೇನ್ರಿ?" ಅಂದಳು. ಏನು ಹೇಳೋದು? ಕೊನೆಯ ಪರೀಕ್ಷೆಗಾದರೂ ಆಕೆ ಡಿಸೆಂಬರ್‌ನಲ್ಲಿ ಎಲ್ಲಿದ್ದಳು ಅನ್ನೋದು ಬೇಕಿಲ್ಲ. 2024ರಲ್ಲಿ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಬೇರೆ ಬಂದವು.

ಹಾಗಾಗಿ ನಾವೇನು ಮಾಡ್ತೀವಿ? ಎಲ್ಲರಿಗೂ 18, 19. ಕರುಣೆಯೂ ಹೌದು, ಶಾಲೆಯ ಫಲಿತಾಂಶದ ಹೆದರಿಕೆಯೂ ಹೌದು. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ. 20ಕ್ಕೆ 19 ಅಂದರೆ 80ಕ್ಕೆ 76ರ ಮಟ್ಟ. ನನ್ನ ತರಗತಿಯಲ್ಲೇ 19 ಪಡೆದ ಇಬ್ಬರಲ್ಲಿ ಒಬ್ಬಳಿಗೆ ಬರವಣಿಗೆಯಲ್ಲಿ 66, ಇನ್ನೊಬ್ಬನಿಗೆ 11. ಯಾವ ಶಾಲೆಯ ಪಟ್ಟಿಯನ್ನಾದರೂ ತೆರೆದು ಈ ಎರಡು ಕಾಲಂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಾಲಂ ಏರಿಳಿಯುತ್ತಿದ್ದು ಇನ್ನೊಂದು ಅಲುಗಾಡದೇ ನಿಂತಿದ್ದರೆ ಆ 20 ಅಂಕ ಯಾರ ಬಗ್ಗೆಯೂ ಏನೂ ಹೇಳುತ್ತಿಲ್ಲ ಅಂತ ತಿಳಿದುಕೊಳ್ಳಿ.

ಹಾಗಂತ 80 ಸತ್ಯಹರಿಶ್ಚಂದ್ರನ ತುಂಡಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕ್ಯಾಮೆರಾ ಬಂತು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಶೇಕಡಾವಾರು, ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. 2025ರ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ 42.43 ತೆಗೆದು ರಾಜ್ಯಕ್ಕೇ ಕೊನೆ. ಎಷ್ಟು ಮಕ್ಕಳಿಗೆ ಬಂದಿಲ್ಲ ಅನ್ನೋದು ಅಲ್ಲಿ ಗೊತ್ತಾಯಿತು, ಸರಿ. -3ನ್ನು 3 ಅಂತ ಬರೆದವರು ಎಷ್ಟು ಅನ್ನೋದು ಗೊತ್ತಾಗಲಿಲ್ಲ. ಐದು, ಎಂಟನೇ ತರಗತಿಗೂ ರಾಜ್ಯಮಟ್ಟದ ಪರೀಕ್ಷೆ ಬೇಕು ಅಂತ 2023, 2024ರಲ್ಲಿ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಎಳೆದಾಡಿದರಲ್ಲ, ಆಗಲೂ ನನಗೆ ಅನ್ನಿಸಿದ್ದು ಇದೇ.

ನನ್ನ ಕೈಗೆ ಬಿಟ್ಟರೆ ಮೊದಲ ಮೂರನ್ನು ಅಂಕವಿಲ್ಲದೆ ಬರೀ ತಪ್ಪಿನ ಪಟ್ಟಿಯಾಗಿ ಇಡ್ತೀನಿ, ಕೊನೆಯದನ್ನಷ್ಟೇ ಎಣಿಸ್ತೀನಿ. ಆಗ ಆ ಹುಡುಗನಿಗೆ 16 ಸಿಗುತ್ತೆ. ಆದರೆ ತಾಂಡಾದ ಹುಡುಗಿಗೆ 8 ಆಗುತ್ತೆ! ಅವಳಿಗೆ ಎರಡು ವಾರ ಬಿಟ್ಟು ಇನ್ನೊಮ್ಮೆ ಅದೇ ಕಿರುಪರೀಕ್ಷೆ ಕೊಡಬೇಕು. ಅರವತ್ತು ಮಕ್ಕಳ ತರಗತಿಯಲ್ಲಿ ಆ ಎರಡನೇ ಸಲಕ್ಕೆ ಪೀರಿಯಡ್ ಎಲ್ಲಿಂದ ತರೋದು ಅಂತ ಇನ್ನೂ ಹೊಳೆದಿಲ್ಲ. ನಿಮ್ಮಲ್ಲಿ ಮೇಷ್ಟ್ರುಗಳಿದ್ದರೆ, ನೀವು ಹೇಗೆ ಮಾಡ್ತೀರಿ?