ದಿದಾ ಬಿಚ್ಚಿಸಿದ ಹೊಲಿಗೆ

1987ರ ಚಳಿಗಾಲದ ರಜೆಗೆ ನಾನು ಧಾರವಾಡಕ್ಕೆ ಹೋಗಲಿಲ್ಲ. ಶಾಂತಿನಿಕೇತನದ ಹಾಸ್ಟೆಲಿನಿಂದ ಗೆಳತಿಯ ಬೆನ್ನು ಹತ್ತಿ ಬೋಲ್‌ಪುರದ ಅವಳ ಮನೆಗೆ ಹೋದೆ. ಊಟವಾದ ಮೇಲೆ ಅವಳ ದಿದಾ, ಅಂದರೆ ಅಮ್ಮನ ಅಮ್ಮ, ಬಿಸಿಲು ಬಿದ್ದ ಜಗಲಿಯಲ್ಲಿ ಕಾಂಥಾ ಹಾಸಿಕೊಂಡು ಕೂರುತ್ತಿದ್ದರು. ನಾವಿಬ್ಬರೂ ಆಚೀಚೆ.

ಒಗೆದೊಗೆದು ಮೆತ್ತಗಾದ ಬಿಳಿ ಹತ್ತಿ ಸೀರೆ, ಮೂರು ಪದರ. ಸುಕ್ಕು ತೀಡಿ, ಮೂಲೆಗೆ ಇಟ್ಟಿಗೆ ಹೇರಿ, ಪದರ ಸರಿಯದಂತೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ. ಬಣ್ಣದ ದಾರವನ್ನು ಹಳೆಯ ಸೀರೆಗಳ ಅಂಚಿನಿಂದಲೇ ಬಿಡಿಸಬೇಕು. ಅಂಚಿನ ತುದಿಯನ್ನು ಕಾಲ್ಬೆರಳಲ್ಲಿ ಹಿಡಿದು ಎಳೆ ಎಳೆಯುವುದು ನಮ್ಮ ಪಾಲಿನ ಕೆಲಸ. ಅರ್ಧ ಹರಿಯುತ್ತಿತ್ತು, ಇನ್ನರ್ಧ ನಗುವಿನಲ್ಲಿ ಸಿಕ್ಕುಗಟ್ಟುತ್ತಿತ್ತು.

ನನಗೂ ಒಂದು ಚಿಕ್ಕ ತುಂಡು ಕೊಟ್ಟರು. ನಡುವೆ ಕಮಲ. ದಳಗಳ ಗೆರೆಯನ್ನು ಕೆಂಪು ದಾರದಲ್ಲಿ ಮುಗಿಸಿ, ಸುತ್ತಲಿನ ಬಯಲಿಗೆ ಬಿಳಿ ದಾರದಲ್ಲಿ ಸಾದಾ ಹೊಲಿಗೆ ಹಾಕತೊಡಗಿದೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಉತ್ತ ಸಾಲಿನ ಹಾಗೆ ನೆಟ್ಟಗೆ. ನಮ್ಮಜ್ಜಿಯ ಕೌದಿ ಕಂಡವಳಿಗೆ ಇದೇನು ಮಹಾ ಅನಿಸಿತ್ತು. ಎರಡು ದಿನದ ಕೆಲಸ ನೋಡಿ ದಿದಾ, ‘ಖುಲೇ ಫ್ಯಾಲೊ, ಮಾ’ ಎಂದರು. ಬಿಚ್ಚಿಬಿಡು ಮಗಳೇ! ಗೆಳತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಸಾಲುಗಳೆಲ್ಲ ಒಂದೇ ದಿಕ್ಕಿಗೆ ಓಡಿ ಕಮಲ ಬಟ್ಟೆಗೆ ಅಂಟಿದಂತೆ ಚಪ್ಪಟೆಯಾಗಿತ್ತು. ಈ ಸಲ ದಳದ ಅಂಚಿಗೆ ಒತ್ತಿಕೊಂಡೇ ಸುತ್ತು ಹಾಕಿಸಿದರು. ಅದರ ಹೊರಗೆ ಇನ್ನೊಂದು, ಮತ್ತೊಂದು, ಒಂದು ಅಕ್ಕಿಕಾಳಿನಷ್ಟು ಅಂತರ ಬಿಟ್ಟು. ದಾರ ತಾನು ಓಡುವ ದಿಕ್ಕಿನಲ್ಲೇ ಬಟ್ಟೆಯನ್ನು ಗಿಡ್ಡ ಮಾಡುತ್ತದೆ. ನೆಟ್ಟಗೆ ಓಡಿದರೆ ಅಗಲ ಕುಗ್ಗುತ್ತದೆ, ಅಷ್ಟೆ. ಸುತ್ತಿ ಓಡಿದರೆ ಸುತ್ತಳತೆಯೇ ಕುಗ್ಗಿ, ಒಳಗಿನ ಬಟ್ಟೆ ಹೋಗಲು ಜಾಗವಿಲ್ಲದೆ ಮೇಲಕ್ಕೆ ಉಬ್ಬುತ್ತದೆ. ಸಾಲುಗಳ ನಡುವೆ ಸಣ್ಣ ಏರಿಗಳು ಎದ್ದು, ಕೆರೆಗೆ ಕಲ್ಲೆಸೆದಂತೆ ಅಲೆ ಹರಡಿತು. ನವೆದ ಹಳೆಯ ಬಟ್ಟೆಗಷ್ಟೇ ಈ ಬಳುಕು. ಗಂಜಿ ಹಾಕಿದ ಹೊಸ ಕಾಟನ್ ದಾರದ ಮಾತು ಕೇಳುವುದಿಲ್ಲ.

ಆಸೆಗೆ ಬಿದ್ದು ಹೊರಗಿನ ಮೂರು ಸುತ್ತನ್ನು ಬಿಗಿಯಾಗಿ ಎಳೆದೆ. ನೆಲದ ಮೇಲಿಟ್ಟರೆ ತುಂಡು ತಟ್ಟೆಯ ಹಾಗೆ ಮಗುಚಿ ಕೂತಿತು. ಅಂಗೈಯಿಂದ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಆ ಮೂರನ್ನೂ ಬಿಚ್ಚಿದೆ. ಆಮೇಲೆ ಪ್ರತಿ ಸುತ್ತಿನ ಕೊನೆಗೆ ದಾರ ಕಟ್ಟುವ ಮೊದಲು ಬಟ್ಟೆಯನ್ನು ಹೊಲಿಗೆಗುಂಟ ಬೆರಳಿನಿಂದ ಹಿಂದಕ್ಕೆ ತೀಡುವುದನ್ನು ದಿದಾ ಅಭ್ಯಾಸ ಮಾಡಿಸಿದರು.

ರಜೆ ಮುಗಿಯಿತು, ಒಂದು ಮೂಲೆ ಉಳಿಯಿತು. ಅದನ್ನು ಗೆಳತಿ ಹಾಸ್ಟೆಲಿನಲ್ಲಿ ತುಂಬಿದಳು. ಅವಳದು ಎಡಗೈ, ಅಲ್ಲಿ ಅಲೆಗಳು ಮಾತ್ರ ತಿರುಗಾಮುರುಗಾ ಓರೆಯಾಗಿವೆ. ಈಗಲೂ ಆ ಬಟ್ಟೆಯ ಮೇಲೆ ಕಣ್ಣುಮುಚ್ಚಿ ಕೈಯಾಡಿಸಿದರೆ ಅವಳ ಮೂಲೆ ಬೆರಳಿಗೇ ಗೊತ್ತಾಗುತ್ತದೆ.